ಯಾವ ಪ್ರಶ್ನೆ ಮೊದಲು?

ಕನ್ನಡದ ಪಾಡ್‌ಕಾಸ್ಟ್ ಸಂದರ್ಶನಗಳನ್ನು ಸತತವಾಗಿ ಕೇಳುವವರಿಗೆ ಒಂದು ವಿಷಯ ಗೊತ್ತಿರುತ್ತದೆ. ಮೊದಲ ಹತ್ತು ನಿಮಿಷ ಓಡಿಸಿಬಿಟ್ಟರೂ ನಷ್ಟವಿಲ್ಲ. "ನಮಸ್ಕಾರ ಸರ್, ಮೊದಲಿಗೆ ನಿಮ್ಮ ಪರಿಚಯ, ನಿಮ್ಮ ಬಾಲ್ಯದ ಬಗ್ಗೆ ಸ್ವಲ್ಪ ಹೇಳಿ" ಎಂದು ನಿರೂಪಕರು ಕೇಳುತ್ತಾರೆ. ಅತಿಥಿ ಹುಟ್ಟಿದ ಊರು, ಓದಿದ ಶಾಲೆ, ಕೆಲಸಕ್ಕೆ ಸೇರಿದ ಇಸವಿ ಹೇಳಿ ನಿಲ್ಲಿಸುತ್ತಾರೆ. ಅಲ್ಲಿಗೆ ಸಿಕ್ಕಿದ್ದು ಬಯೋಡೇಟಾ. ಅದಕ್ಕಿಂತ ಕೆಟ್ಟದ್ದೆಂದರೆ, ಇಲ್ಲಿ ಎಷ್ಟು ಉದ್ದದ ಉತ್ತರ ಕೊಟ್ಟರೆ ಸಾಕು ಎಂಬ ಅಳತೆಯೂ ಆಗಲೇ ಅತಿಥಿಯ ಮನಸ್ಸಿನಲ್ಲಿ ಕೂತುಬಿಟ್ಟಿರುತ್ತದೆ. ಮೂರು ವಾಕ್ಯದ ಉತ್ತರಕ್ಕೆ "ತುಂಬಾ ಚೆನ್ನಾಗಿ ಹೇಳಿದ್ರಿ ಸರ್" ಎಂದು ಮೆಚ್ಚುಗೆ ಬಂದರೆ, ಮುಂದಿನ ಉತ್ತರವೂ ಮೂರೇ ವಾಕ್ಯ.

ಅಮೆರಿಕದ ರೇಡಿಯೊ ಸಂದರ್ಶಕಿ ಟೆರಿ ಗ್ರಾಸ್ 1975ರಿಂದ 'ಫ್ರೆಶ್ ಏರ್' ಕಾರ್ಯಕ್ರಮ ನಡೆಸಿಕೊಂಡು ಬಂದವರು. "ನಿಮ್ಮ ಬಗ್ಗೆ ಹೇಳಿ" ಎನ್ನುವುದೇ ಮಾತು ಶುರುಮಾಡಲು ಒಳ್ಳೆಯ ದಾರಿ, ಏಕೆಂದರೆ ಎಲ್ಲಿಂದ ಶುರುಮಾಡಬೇಕು ಎಂಬುದನ್ನು ಎದುರಿನವರಿಗೇ ಬಿಟ್ಟಂತಾಗುತ್ತದೆ ಎಂದು ಅವರು ಹೇಳಿದ್ದುಂಟು. ಮಾತು ಬಲ್ಲ ಲೇಖಕರು, ನಟರು ಎದುರಿಗಿದ್ದರೆ ಅದು ನಿಜವಿರಬಹುದು. ನಮ್ಮಲ್ಲಿ ಅದೇ ಮಾತನ್ನು ಕೇಳಿದಾಗ ಹೆಚ್ಚಿನವರಿಗೆ ನೆನಪಾಗುವುದು ನೌಕರಿಯ ಸಂದರ್ಶನ, ಇಲ್ಲವೇ ಹೆಣ್ಣು ನೋಡುವ ಶಾಸ್ತ್ರ. ಎರಡೂ ಕಡೆ ಜನ ಅಳೆದು ತೂಗಿ ಕಡಿಮೆ ಮಾತಾಡುತ್ತಾರೆ.

ಹಾಗಾದರೆ ಯಾವುದನ್ನು ಮೊದಲು ಕೇಳಬೇಕು, ಯಾವುದನ್ನು ಆಮೇಲೆ? ಉದಾಹರಣೆಯೊಂದನ್ನು ಇಟ್ಟುಕೊಂಡೇ ನೋಡೋಣ. ನಮ್ಮ ಅತಿಥಿ ನಿವೃತ್ತ ಬಸ್ ಡ್ರೈವರ್ ಎಂದುಕೊಳ್ಳಿ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ ಕಡೆಗೆ ಹೋಗುವ ರೂಟಿನಲ್ಲಿ ಬಹಳ ವರ್ಷ ಓಡಾಡಿದವರು. ಮೈಕ್ ಮುಂದೆ ಕೂತು ಅಭ್ಯಾಸವಿಲ್ಲ. ನಮಗೆ ಬೇಕಾದದ್ದು ಮುಕ್ಕಾಲು ಗಂಟೆಯ ಒಂದು ಕಂತು. ಸಾಮಾನ್ಯವಾಗಿ ಬರೆದುಕೊಳ್ಳುವ ಪಟ್ಟಿ ಹೀಗಿರುತ್ತದೆ: ನಿಮ್ಮ ಪರಿಚಯ ಹೇಳಿ. ಎಷ್ಟು ವರ್ಷ ಸರ್ವೀಸು? ಘಾಟಿಯಲ್ಲಿ ಬಸ್ ಓಡಿಸೋದು ತುಂಬಾ ಕಷ್ಟ ಅಲ್ವಾ? ನಿಮ್ಮ ಜೀವನದ ಮರೆಯಲಾಗದ ಘಟನೆ ಯಾವುದು? ಇಂದಿನ ಯುವಕರಿಗೆ ನಿಮ್ಮ ಸಂದೇಶ ಏನು?

ಈ ಪಟ್ಟಿಯ ಉತ್ತರಗಳನ್ನು ಯಾರು ಬೇಕಾದರೂ ಮೊದಲೇ ಬರೆದಿಡಬಹುದು. ಪರಿಚಯಕ್ಕೆ ಊರು ಮತ್ತು ಹೆಸರು. ಸರ್ವೀಸಿಗೆ ಒಂದು ಸಂಖ್ಯೆ. "ಕಷ್ಟ ಅಲ್ವಾ" ಎಂದರೆ "ಹೌದು ಸಾರ್, ಕಷ್ಟಾನೇ, ಜವಾಬ್ದಾರಿ ಇರುತ್ತೆ". ಮರೆಯಲಾಗದ ಘಟನೆಗೆ ತಡಕಾಟ: "ಘಟನೆ ಅಂದ್ರೆ… ಬೇಕಾದಷ್ಟಿವೆ. ಯಾವುದು ಅಂತ ಹೇಳೋದು?" ಸಂದೇಶಕ್ಕೆ ಸೀಟ್ ಬೆಲ್ಟು ಮತ್ತು ತಾಳ್ಮೆ. ಎಂಟು ನಿಮಿಷದಲ್ಲಿ ಪ್ರಶ್ನೆ ಮುಗಿದುಹೋಗುತ್ತದೆ. ಅತಿಥಿ ಮಾತುಗಾರರಲ್ಲ ಎಂದು ನಿರೂಪಕರು ತೀರ್ಮಾನಿಸುತ್ತಾರೆ. ಅದೇ ಮನುಷ್ಯ ರೆಕಾರ್ಡಿಂಗ್ ಮುಗಿದ ಮೇಲೆ ಕಾಫಿ ಕುಡಿಯುತ್ತಾ ಅರ್ಧ ಗಂಟೆ ಕಥೆ ಹೇಳುತ್ತಾರೆ.

ಆ ಪಟ್ಟಿಯಲ್ಲಿ ತಪ್ಪಿದ್ದು ಸರದಿ. ಮರೆಯಲಾಗದ ಘಟನೆ ಯಾವುದು ಎಂದು ಕೇಳಿದಾಗ ನಾವು ಅತಿಥಿಯಿಂದ ಎರಡು ಕೆಲಸ ಬಯಸುತ್ತೇವೆ. ಮೊದಲು ಅವರು ಇಡೀ ಬದುಕನ್ನು ಜಾಲಾಡಬೇಕು, ಆಮೇಲೆ ಅದರಲ್ಲಿ ಯಾವುದು ದೊಡ್ಡದು ಎಂದು ತೀರ್ಪು ಕೊಡಬೇಕು. ಅವರು ಇನ್ನೂ ಸ್ಟುಡಿಯೊದ ಕುರ್ಚಿಯಲ್ಲೇ ಕೂತಿದ್ದಾರೆ, ಬಸ್ಸಿನ ಸೀಟಿನಲ್ಲಿ ಕೂತಿಲ್ಲ. ನೆನಪು ಬರುವುದು ಜಾಗದಿಂದ, ಸದ್ದಿನಿಂದ, ಕೈ ಮಾಡುತ್ತಿದ್ದ ಕೆಲಸದಿಂದ. ರಾನಲ್ಡ್ ಫಿಶರ್, ಎಡ್ವರ್ಡ್ ಗೈಸೆಲ್ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಪೊಲೀಸರಿಗಾಗಿ ಒಂದು ವಿಚಾರಣಾ ಪದ್ಧತಿ ರೂಪಿಸಿದರು. ಅಪರಾಧದ ಸಾಕ್ಷಿಯನ್ನು "ಅವನು ಯಾವ ಬಣ್ಣದ ಅಂಗಿ ಹಾಕಿದ್ದ?" ಎಂದು ಸೀದಾ ಕೇಳಬಾರದು. ಮೊದಲು ಆ ಜಾಗ, ಆ ಹೊತ್ತಿನ ಬೆಳಕು, ಕೇಳಿಸುತ್ತಿದ್ದ ಸದ್ದು, ತಾನು ನಿಂತಿದ್ದ ರೀತಿ ಇವನ್ನೆಲ್ಲ ಮನಸ್ಸಿಗೆ ತಂದುಕೊಳ್ಳಲು ಬಿಡಬೇಕು. ನಂತರ ಅಡ್ಡ ಬಾಯಿ ಹಾಕದೆ ಪೂರ್ತಿ ಹೇಳಲು ಬಿಡಬೇಕು. ಬಿಡಿ ಪ್ರಶ್ನೆಗಳು ಕೊನೆಗೆ. ಹೀಗೆ ಮಾಡಿದಾಗ ಸಾಕ್ಷಿಗಳು ಹೆಚ್ಚು ವಿವರ ನೆನಪಿಸಿಕೊಂಡರು. ಪಾಡ್‌ಕಾಸ್ಟಿನವರಿಗೂ ಬೇಕಾದದ್ದು ಇದೇ ಮೂರು ಮೆಟ್ಟಿಲು. ಮೊದಲು ಕೈಕಾಲು ಮತ್ತು ಜಾಗ, ಆಮೇಲೆ ಒಂದು ದಿನ ನಡೆದದ್ದು, ಅದಾದ ಮೇಲೆ ಅದರ ಬಗ್ಗೆ ಏನನ್ನಿಸಿತು. ಅಭಿಪ್ರಾಯ ಎಲ್ಲಕ್ಕಿಂತ ಕೊನೆಗೆ.

ಡ್ರೈವರಿಗೆ ಮೊದಲ ಪ್ರಶ್ನೆ ಹೀಗಿರಲಿ. "ನೈಟ್ ಹಾಲ್ಟ್ ಇರೋ ದಿನ ಬೆಳಿಗ್ಗೆ ಎದ್ದಾಗಿನಿಂದ ಬಸ್ ಘಾಟಿ ತಲೆ ಮುಟ್ಟೋವರೆಗೆ ಏನೇನ್ ಮಾಡ್ತಿದ್ರಿ? ಒಂದೊಂದಾಗಿ ಹೇಳಿ." ಹಳ್ಳಿಯಲ್ಲಿ ರಾತ್ರಿ ನಿಲ್ಲುವ ಬಸ್ಸಿನಲ್ಲಿ ಡ್ರೈವರ್, ಕಂಡಕ್ಟರ್ ಇಬ್ಬರೂ ಮಲಗೆದ್ದು ಮುಂಜಾನೆಯ ಮೊದಲ ಟ್ರಿಪ್ ಹೊರಡಿಸುವುದು ಸಾರಿಗೆ ಸಂಸ್ಥೆಯ ಹಳೆಯ ಪದ್ಧತಿ. ಈ ಪ್ರಶ್ನೆಗೆ ಸರಿ-ತಪ್ಪು ಇಲ್ಲ, ಸಂಕೋಚಪಡುವಂಥದ್ದೂ ಏನಿಲ್ಲ. ಸಾವಿರಾರು ಸಲ ಮಾಡಿದ ಕೆಲಸವಾದ್ದರಿಂದ ಹುಡುಕಾಡಬೇಕಾಗಿಲ್ಲ. ಎಲ್ಲಿ ಮಲಗುತ್ತಿದ್ದರು, ಮುಖ ತೊಳೆಯಲು ನೀರು ಎಲ್ಲಿಂದ, ಯಾರ ಮನೆಯಿಂದ ಕಾಫಿ ಬರುತ್ತಿತ್ತು, ಚಳಿಗೆ ಎಂಜಿನ್ ಹಟ ಹಿಡಿದರೆ ಏನು ಮಾಡುತ್ತಿದ್ದರು ಎಂದು ತಾನಾಗಿಯೇ ಎಳೆ ಬಿಚ್ಚುತ್ತದೆ. "ಒಂದೊಂದಾಗಿ" ಎಂಬ ಮಾತು ಇಲ್ಲಿ ದೊಡ್ಡ ಕೆಲಸ ಮಾಡುತ್ತದೆ. ಉದ್ದಕ್ಕೆ ಹೇಳಬಹುದು, ಅವಸರವಿಲ್ಲ ಎಂಬ ಒಪ್ಪಿಗೆ ಅದರಲ್ಲಿದೆ. ಮೊದಲ ಉತ್ತರ ನಾಲ್ಕು ನಿಮಿಷ ಹಿಡಿದರೆ ಇಡೀ ಕಂತಿನ ಅಳತೆ ಅಲ್ಲೇ ನಿಗದಿಯಾಗುತ್ತದೆ.

ಎರಡನೆಯದೂ ಕೈಕಾಲಿನದೇ, ಆದರೆ ಇನ್ನೂ ಹತ್ತಿರದ್ದು. "ಇಳಿಯುವಾಗ ಒಂದು ತಿರುವು ಬಂತು. ನಿಮ್ಮ ಕಾಲು ಎಲ್ಲಿರುತ್ತೆ, ಕೈ ಎಲ್ಲಿರುತ್ತೆ?" ಬ್ರೇಕನ್ನೇ ನೆಚ್ಚಿಕೊಂಡರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ, ಗೇರಿನಲ್ಲೇ ಇಳಿಸಬೇಕು, ಏರಿ ಬರುವ ಗಾಡಿಗೆ ದಾರಿ ಬಿಡಬೇಕು ಎಂಬ ವಿದ್ಯೆ ಇಲ್ಲಿ ಬರುತ್ತದೆ. "ಕಷ್ಟ ಅಲ್ವಾ?" ಎಂದು ಕೇಳದೆಯೇ ಕಷ್ಟ ಎಷ್ಟೆಂಬುದು ಕೇಳುಗರಿಗೆ ತಿಳಿಯುತ್ತದೆ. ಮೂರನೆಯದನ್ನು ನಾವು ಚೀಟಿಯಲ್ಲಿ "ಮಂಜು" ಎಂದಷ್ಟೇ ಬರೆದುಕೊಂಡಿರುತ್ತೇವೆ. ಕೇಳುವಾಗ ಅವರ ಮಾತಿನಿಂದಲೇ ಎಳೆ ಹಿಡಿಯಬೇಕು. "ಎದುರು ಗಾಡಿಗೆ ದಾರಿ ಬಿಡಬೇಕು ಅಂದ್ರಿ. ಮಂಜು ಬಿದ್ದ ದಿನ ಎದುರು ಗಾಡಿ ಬರ್ತಿದೆ ಅಂತ ಹೇಗೆ ಗೊತ್ತಾಗ್ತಿತ್ತು?"

ಸಹಜವಾಗಿ ಕೇಳಿಸುವುದು ಎಂದರೆ ಇದು. ಪ್ರಶ್ನೆ ಹಿಂದಿನ ಉತ್ತರದ ಒಂದು ಪದವನ್ನು ಹಿಡಿದು ಹುಟ್ಟಿದರೆ ಅದು ಮಾತುಕತೆಯಂತೆ ಕೇಳಿಸುತ್ತದೆ. "ಸರಿ ಸರ್, ಈಗ ಮುಂದಿನ ಪ್ರಶ್ನೆಗೆ ಬರೋಣ" ಎಂದರೆ ಪರೀಕ್ಷೆಯಂತೆ ಕೇಳಿಸುತ್ತದೆ. ಈ ಕಾರಣಕ್ಕೇ ಪೂರ್ತಿ ವಾಕ್ಯಗಳಲ್ಲಿ ಬರೆದ ಇಪ್ಪತ್ತು ಪ್ರಶ್ನೆಗಳ ಹಾಳೆ ಉಪಕಾರಕ್ಕಿಂತ ಉಪದ್ರವ. ಬರೆದ ಕನ್ನಡವನ್ನು ಓದಿದರೆ ದನಿಯಲ್ಲಿ ಗೊತ್ತಾಗುತ್ತದೆ. "ತಾವು ಎದುರಿಸಿದ ಸವಾಲುಗಳ ಕುರಿತು ಬೆಳಕು ಚೆಲ್ಲುವಿರಾ?" ಎಂದು ಯಾರೂ ಬಸ್ ಸ್ಟ್ಯಾಂಡಿನಲ್ಲಿ ಕೇಳುವುದಿಲ್ಲ. ಗ್ರಾಂಥಿಕದಲ್ಲಿ ಕೇಳಿದವರಿಗೆ ಅತಿಥಿಯೂ ತನಗೆ ಬಾರದ ಗ್ರಾಂಥಿಕದಲ್ಲೇ ಉತ್ತರ ಕೊಡಲು ಹೆಣಗುತ್ತಾರೆ. ಮಾತು ಮೋಟಾಗುವುದಕ್ಕೆ ಅಷ್ಟು ಸಾಕು. ಮೊದಲ ಪ್ರಶ್ನೆಯನ್ನು ಮಾತ್ರ ಪೂರ್ತಿಯಾಗಿ ಬರೆದು, ಬಾಯಲ್ಲಿ ನಾಲ್ಕು ಸಲ ಹೇಳಿ ನೋಡಿ ಸಿದ್ಧಮಾಡಿಕೊಳ್ಳುವುದು, ಉಳಿದವಕ್ಕೆ ನೈಟ್ ಹಾಲ್ಟ್, ತಿರುವು, ಮಂಜು, ಲೆಕ್ಕ ತಪ್ಪಿದ ದಿನ, ಮನೆ, ಈಗಿನವರು ಎಂದು ಒಂದೊಂದು ಗುರುತು ಇಟ್ಟುಕೊಳ್ಳುವುದು ಒಳ್ಳೆಯದು. ಮುಕ್ಕಾಲು ಗಂಟೆಗೆ ಇಂಥ ಆರು ಗುರುತು ಧಾರಾಳ.

"ಲೆಕ್ಕ ತಪ್ಪಿದ ದಿನ" ಎಂಬುದೇ ಹಳೆಯ ಪಟ್ಟಿಯ ಮರೆಯಲಾಗದ ಘಟನೆ. ಈಗ ಅದರ ಸ್ಥಾನ ನಾಲ್ಕನೆಯದು. "ಇಷ್ಟೆಲ್ಲಾ ಲೆಕ್ಕ ಇಟ್ಕೊಂಡು ಇಳಿಸ್ತಿದ್ರಿ. ಆ ಲೆಕ್ಕ ತಪ್ಪಿದ್ದು ಯಾವತ್ತಾದ್ರೂ ಇದೆಯಾ?" ವ್ಯಾಕರಣದ ಪ್ರಕಾರ ಇದು ಹೌದು-ಇಲ್ಲ ಪ್ರಶ್ನೆ. ಸಂದರ್ಶನ ಕಲಿಸುವವರೆಲ್ಲ ಇಂಥ ಪ್ರಶ್ನೆ ಬೇಡ ಎನ್ನುತ್ತಾರೆ. ಆದರೆ ಜಾಗ ಸರಿಯಿದ್ದರೆ ಮುಚ್ಚಿದ ಪ್ರಶ್ನೆಯೂ ತೆರೆದುಕೊಳ್ಳುತ್ತದೆ. ಹದಿನೈದು ನಿಮಿಷದಿಂದ ಅವರು ಘಾಟಿಯ ಮೇಲೇ ಇದ್ದಾರೆ, ಮಂಜು ಕಣ್ಣ ಮುಂದಿದೆ. "ಇದೆ" ಎಂದು ಹೇಳಿ ಸುಮ್ಮನಾಗುವುದು ಅವರಿಂದಲೂ ಸಾಧ್ಯವಿಲ್ಲ. ಇದೇ ಪ್ರಶ್ನೆಯನ್ನು ಮೊದಲ ನಿಮಿಷದಲ್ಲಿ ಕೇಳಿದ್ದರೆ, "ದೇವರ ದಯೆ, ಅಂಥದ್ದೇನೂ ಆಗಿಲ್ಲ" ಎಂಬ ಉತ್ತರ ಬರುತ್ತಿತ್ತು. ಪರಿಚಯವಿಲ್ಲದವರ ಮುಂದೆ ಯಾರು ತಾನೇ ತಮ್ಮ ತಪ್ಪು ಒಪ್ಪಿಕೊಂಡು ಮಾತು ಶುರುಮಾಡುತ್ತಾರೆ?

ಇಲ್ಲಿಂದ ಮುಂದೆ ಪ್ರಶ್ನೆಗಿಂತ ಮೌನ ಹೆಚ್ಚು ಕೆಲಸ ಮಾಡುತ್ತದೆ. ಹತ್ತು ಭಾಷೆಗಳ ಮಾತುಕತೆಯನ್ನು ಹೋಲಿಸಿದ 2009ರ ಒಂದು ಅಧ್ಯಯನದಲ್ಲಿ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸಿನಲ್ಲಿತ್ತು. ಆ ಹತ್ತರಲ್ಲಿ ಕನ್ನಡ ಇರಲಿಲ್ಲ, ಆದರೆ ನಮ್ಮ ಜಗಲಿಯ ಮಾತನ್ನು ಕೇಳಿದರೂ ಅಂತರ ಅಷ್ಟೇ ಕಡಿಮೆ ಎನ್ನಿಸುತ್ತದೆ. ಹಾಗಾಗಿ ಒಂದು ಸೆಕೆಂಡ್ ಸುಮ್ಮನಿದ್ದರೂ ನಿರೂಪಕರಿಗೆ ಅದು ಕಂದಕದಂತೆ ಕಾಣುತ್ತದೆ, ಗಾಬರಿಯಿಂದ ಮುಂದಿನ ಪ್ರಶ್ನೆ ಎಸೆಯುತ್ತಾರೆ. ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಗಣನೀಯವಾಗಿ ಉದ್ದವಾಯಿತು. ಉತ್ತರ ಮುಗಿಯಿತು ಎನ್ನಿಸಿದ ಮೇಲೂ ಕಾಯುವುದು ಅವರು ಹೇಳಿದ ಇನ್ನೊಂದು ಸೂಕ್ಷ್ಮ. ಲಿಂಡನ್ ಜಾನ್ಸನ್ ಜೀವನಚರಿತ್ರೆ ಬರೆದ ರಾಬರ್ಟ್ ಕೇರೋ, ಸಂದರ್ಶನ ಮಾಡುವಾಗ ತನ್ನ ನೋಟ್‌ಬುಕ್ಕಿನಲ್ಲಿ "ಬಾಯಿ ಮುಚ್ಚು" ಎನ್ನುವ ಅರ್ಥದ ಎರಡು ಇಂಗ್ಲಿಷ್ ಅಕ್ಷರ ಬರೆದುಕೊಳ್ಳುತ್ತಿದ್ದುದಾಗಿ ಹೇಳಿಕೊಂಡಿದ್ದಾರೆ. ಅಂಥವರಿಗೇ ಎಚ್ಚರಿಕೆಯ ಚೀಟಿ ಬೇಕಾಗುತ್ತಿತ್ತು!

ಡ್ರೈವರ್ "…ಅಷ್ಟರಲ್ಲಿ ಲಾರಿ ಪಕ್ಕದಲ್ಲೇ ಹೋಯ್ತು. ಬಚಾವಾದ್ವಿ" ಎಂದು ನಿಲ್ಲಿಸಿದರೆ, ತಲೆಯಾಡಿಸಿ ಮನಸ್ಸಿನಲ್ಲಿ ಮೂರು ಎಣಿಸಬೇಕು. ಬಹಳ ಸಲ ಕಥೆಯ ಎರಡನೇ ಅರ್ಧ ಅಲ್ಲಿಂದಲೇ ಹೊರಡುತ್ತದೆ. ಹೊರಡದಿದ್ದರೆ ಚಿಕ್ಕ ತಳ್ಳು ಸಾಕು. "ಆಮೇಲೆ?" ಇಲ್ಲವೇ ಅವರದೇ ಮಾತು: "ಪಕ್ಕದಲ್ಲೇ ಅಂದ್ರೆ?" ಕೇರೋ ಕೂಡ ಜನರನ್ನು, ಆಗ ನಾನು ಅಲ್ಲಿದ್ದರೆ ಏನು ಕಾಣುತ್ತಿತ್ತು ಎಂದು ಪೀಡಿಸುತ್ತಿದ್ದರಂತೆ. ನಾವೂ ಕೇಳಬಹುದು: "ನಾನು ಡ್ರೈವರ್ ಸೀಟಿನ ಹಿಂದೆ ಕೂತಿದ್ರೆ ನನಗೆ ಏನ್ ಕಾಣ್ತಿತ್ತು?" ಒಂದು ಘಟನೆಯೊಳಗೆ ಹೀಗೆ ಮೂರು-ನಾಲ್ಕು ಸಲ ಒಳಹೋಗಬಹುದು. ಹೊಸ ವಿಷಯಕ್ಕೆ ಹಾರುವುದಕ್ಕಿಂತ ಸಿಕ್ಕ ಘಟನೆಯಲ್ಲೇ ಇಳಿಯುವುದು ಮೇಲು. ಕಥೆ ನಡೆಯುತ್ತಿರುವಾಗ ಬಾಯಲ್ಲಿ "ಹೌದಾ, ಓಹೋ, ಹ್ಞೂಂ" ಎನ್ನುವ ಅಭ್ಯಾಸ ನಮ್ಮವರಿಗೆಲ್ಲ ಇದೆ. ಎದುರಾಎದುರು ಕೂತಾಗ ಅದು ಮರ್ಯಾದೆ. ರೆಕಾರ್ಡಿಂಗಿನಲ್ಲಿ ಅದು ಅತಿಥಿಯ ಪದಗಳ ಮೇಲೆ ಬಿದ್ದು, ಕತ್ತರಿಸಲೂ ಬಾರದಂತೆ ಅಂಟಿಕೊಳ್ಳುತ್ತದೆ. ಕಣ್ಣಿನಲ್ಲೇ ಹ್ಞೂಂಗುಟ್ಟುವುದನ್ನು ಕಲಿಯಬೇಕು. ಇಂಟರ್ನೆಟ್ ಮೂಲಕ ದೂರದಿಂದ ರೆಕಾರ್ಡ್ ಮಾಡುವಾಗ ದನಿ ತಲುಪುವುದೇ ಸ್ವಲ್ಪ ತಡವಾದ್ದರಿಂದ ಈ ತೊಂದರೆ ದುಪ್ಪಟ್ಟು. ಅಲ್ಲಿ ಮೂರರ ಬದಲು ನಾಲ್ಕು ಎಣಿಸಿದರೂ ತಪ್ಪಿಲ್ಲ.

ಪ್ರಶ್ನೆಯ ರಚನೆಯ ಬಗ್ಗೆ ಎರಡೇ ಮಾತು ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಸರದಿ ಎಷ್ಟೇ ಚೆನ್ನಾಗಿದ್ದರೂ ಇವು ಅದನ್ನು ಕೆಡಿಸುತ್ತವೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಏನು ಕೇಳುತ್ತಿದ್ದೇವೆ ಎಂಬುದು ಬಹಳ ಸಲ ಕೊನೆಯ ಪದದವರೆಗೂ ಅತಿಥಿಗೆ ಗೊತ್ತಾಗುವುದಿಲ್ಲ. ಪೀಠಿಕೆಯನ್ನೂ ಪ್ರಶ್ನೆಯನ್ನೂ ಒಂದೇ ವಾಕ್ಯದಲ್ಲಿ ಕಟ್ಟಿದರೆ ಅವರು ಅಷ್ಟನ್ನೂ ತಲೆಯ ಮೇಲೆ ಹೊತ್ತು ನಿಲ್ಲಬೇಕು. ಪೀಠಿಕೆ ಬೇಕಿದ್ದರೆ ಅದನ್ನು ಪ್ರತ್ಯೇಕ ವಾಕ್ಯವಾಗಿ ಹೇಳಿ ಮುಗಿಸಿ, ಆಮೇಲೆ ಚಿಕ್ಕದಾಗಿ ಕೇಳುವುದು ಕ್ಷೇಮ. ಇನ್ನೊಂದು, ಒಂದೇ ಉಸಿರಿಗೆ ಎರಡು ಪ್ರಶ್ನೆ. "ಆಗ ಪ್ರಯಾಣಿಕರು ಏನಂದ್ರು, ಡಿಪೋದಲ್ಲಿ ಮೇಲಿನವರು ಹೇಗೆ ತಗೊಂಡ್ರು?" ಎಂದರೆ ಉತ್ತರ ಬರುವುದು ಎರಡನೆಯದಕ್ಕೆ ಮಾತ್ರ, ಅದೂ ಚುಟುಕಾಗಿ.

ಐದನೆಯದು ಮನೆ. "ಆ ರಾತ್ರಿ ಮನೆಯವರಿಗೆ ಹೇಳಿದ್ರಾ?" ಅಪಾಯದ ಕಥೆಯ ಪಕ್ಕದಲ್ಲೇ ಇದನ್ನು ಇಡುವುದಕ್ಕೆ ಕಾರಣವಿದೆ. ಭಾವನೆಯ ಪ್ರಶ್ನೆಯನ್ನು ನೇರವಾಗಿ, "ಆಗ ನಿಮಗೆ ಹೇಗನ್ನಿಸ್ತು?" ಎಂದು ಕೇಳಿದರೆ ಬರುವ ಉತ್ತರ "ಭಯ ಆಯ್ತು". ಯಾರಿಗೆ ಹೇಳಿದರು, ಯಾರಿಂದ ಮುಚ್ಚಿಟ್ಟರು, ಮರುದಿನ ಅದೇ ತಿರುವಿಗೆ ಬಂದಾಗ ಏನು ಮಾಡಿದರು ಎಂದು ಕೇಳಿದರೆ ಭಾವನೆ ಕಥೆಯ ಜೊತೆಗೇ ಬರುತ್ತದೆ. "ಯಾಕೆ" ಎಂಬ ಪದವನ್ನೂ ಇಲ್ಲಿ ಜೋಪಾನವಾಗಿ ಬಳಸಬೇಕು. "ಯಾಕೆ ಹೇಳಲಿಲ್ಲ?" ಎಂದರೆ ಗದರಿದಂತಿರುತ್ತದೆ, ಅತಿಥಿ ಸಮಜಾಯಿಷಿ ಕೊಡಲು ಶುರುಮಾಡುತ್ತಾರೆ. "ಹೇಳಬಾರದು ಅನ್ನೋ ಹಾಗೆ ಮನೇಲಿ ಏನ್ ನಡೀತಿತ್ತು?" ಎಂದರೆ ಮನೆಯ ಬಾಗಿಲು ತೆರೆಯುತ್ತದೆ.

ಇಂಥ ನೋವಿನ ಅಥವಾ ಮುಜುಗರದ ವಿಷಯದ ಜಾಗ ಕಂತಿನ ಅರ್ಧ ದಾಟಿದ ಮೇಲೆ, ಮುಕ್ಕಾಲು ಭಾಗದೊಳಗೆ. ಇನ್ನೂ ಮುಂಚೆ ಕೇಳಿದರೆ ನಂಬಿಕೆ ಕುದುರಿರುವುದಿಲ್ಲ. ಕಟ್ಟಕಡೆಗೆ ಕೇಳಿದರೆ ಕಣ್ಣು ತುಂಬಿದ ಮನುಷ್ಯನನ್ನು "ಧನ್ಯವಾದಗಳು ಸರ್, ಚಾನಲ್ ಸಬ್‌ಸ್ಕ್ರೈಬ್ ಮಾಡಿ" ಎಂದು ಎಬ್ಬಿಸಿ ಕಳಿಸಿದಂತಾಗುತ್ತದೆ. ಕೇಳುವವರಿಗೂ ಅದು ಹಿಂಸೆ. ಆದ್ದರಿಂದ ಮನೆಯ ಮಾತು ಮುಗಿದ ಮೇಲೆ ಹಗುರವಾದ ಒಂದು ಗುರುತು ಉಳಿಸಿಕೊಂಡಿರಬೇಕು. ನಮ್ಮ ಪಟ್ಟಿಯಲ್ಲಿ ಅದು "ಈಗಿನವರು". "ಮೊನ್ನೆ ಘಾಟಿಯಲ್ಲಿ ಕಾರಲ್ಲಿ ಹೋಗ್ತಿದ್ರೆ ಮುಂದಿನ ಸೀಟಲ್ಲಿ ಸುಮ್ಮನೆ ಕೂರೋಕಾಗುತ್ತಾ?" ಯುವಕರಿಗೆ ಸಂದೇಶ ಕೇಳಿದಾಗ ಬಾರದ ಅಭಿಪ್ರಾಯಗಳೆಲ್ಲ ಇಲ್ಲಿ ಬೈಗುಳ ಸಮೇತ ಬರುತ್ತವೆ.

ಈ ಸರದಿ ಎಲ್ಲರಿಗೂ ಒಗ್ಗುವುದಿಲ್ಲ. ತೀರಾ ಮಾತು ಕಡಿಮೆ ಇರುವವರಿಗೆ "ಒಂದೊಂದಾಗಿ ಹೇಳಿ" ಎಂಬ ಬಯಲು ಪ್ರಶ್ನೆಯೇ ಹೆದರಿಕೆ. ಅವರಿಗೆ ಮೊದಲು ಒಂದೇ ಪದದ ಉತ್ತರವಿರುವ ಮೂರು ಪ್ರಶ್ನೆ ಹಾಕಿ ದನಿ ಬಿಡಿಸಬೇಕು. ಎಷ್ಟು ಗಂಟೆಗೆ ಮೊದಲ ಬಸ್ಸು, ಯಾವ ಊರಲ್ಲಿ ಹಾಲ್ಟು, ಕಂಡಕ್ಟರ್ ಯಾರು. ಆಮೇಲೆ ಅಗಲಕ್ಕೆ ಹೋಗಬೇಕು. ರಾಜಕಾರಣಿಯ ವಿಷಯ ಬೇರೆಯೇ. ಅವರಿಗೆ ಉದ್ದದ ಉತ್ತರವೇ ತಪ್ಪಿಸಿಕೊಳ್ಳುವ ದಾರಿ. ಅಲ್ಲಿ ಮುಚ್ಚಿದ ಪ್ರಶ್ನೆ, ದಾಖಲೆ, ಮತ್ತೆ ಅದೇ ಪ್ರಶ್ನೆ. ಇನ್ನು ಹತ್ತು ಕಡೆ ಸಂದರ್ಶನ ಕೊಟ್ಟು ತಮ್ಮ ಕಥೆಯನ್ನು ಬಾಯಿಪಾಠ ಮಾಡಿಕೊಂಡ ಹೆಸರುವಾಸಿಗಳು. ಅವರ ಹಳೆಯ ಸಂದರ್ಶನ ಕೇಳಿಕೊಂಡು ಹೋಗಿ, ಅವರು ಯಾವಾಗಲೂ ಮುಗಿಸುವ ಜಾಗದಿಂದ ನಾವು ಶುರುಮಾಡಿದರೆ ಮಾತ್ರ ಹೊಸದೇನಾದರೂ ಸಿಕ್ಕೀತು.

ಅತಿಥಿಗಳು ಮೊದಲೇ ಪ್ರಶ್ನೆ ಕಳಿಸಿ ಎಂದು ಕೇಳುವುದುಂಟು. ವಿಷಯಗಳನ್ನು ಕಳಿಸಬಹುದು, ವಾಕ್ಯಗಳನ್ನು ಬೇಡ. ವಾಕ್ಯ ಕಳಿಸಿದರೆ ಅವರು ಉತ್ತರ ಬರೆದುಕೊಂಡು ಬರುತ್ತಾರೆ, ಓದುತ್ತಾರೆ. ರೆಕಾರ್ಡಿಂಗಿಗೆ ಮುಂಚಿನ ಹರಟೆಯಲ್ಲೂ ಹುಷಾರಾಗಿರಬೇಕು. ಲಾರಿಯ ಕಥೆ ಅಲ್ಲೇ ಶುರುವಾದರೆ "ಸಾರ್, ಇದನ್ನ ಮೈಕ್ ಹಾಕಿದ ಮೇಲೇ ಹೇಳಿ" ಎಂದು ತಡೆಯುವುದೇ ಲೇಸು. ಎರಡನೇ ಸಲ ಹೇಳುವಾಗ ಮನುಷ್ಯ "ಆಗಲೇ ಹೇಳಿದ್ನಲ್ಲ" ಎಂದು ಅರ್ಧಕ್ಕರ್ಧ ಕತ್ತರಿಸುತ್ತಾನೆ. ಕೇಳುಗರಿಗೆ ಆ "ಆಗಲೇ" ಯಾವುದೆಂದು ಗೊತ್ತಿಲ್ಲ.

ಸರದಿ ಫಲಿಸಿತೋ ಇಲ್ಲವೋ ಎಂದು ತಿಳಿಯಲು ಪೂರ್ತಿ ಕೇಳಬೇಕಾಗಿಯೂ ಇಲ್ಲ. ಇಬ್ಬರಿಗೂ ಬೇರೆ ಬೇರೆ ಮೈಕ್ ಇಟ್ಟು ಎರಡು ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡಿದ್ದರೆ, ಎಡಿಟಿಂಗ್ ಪರದೆಯ ಮೇಲೆ ದನಿಯ ಅಲೆಗಳು ಮೇಲೊಂದು ಕೆಳಗೊಂದು ಸಾಲಾಗಿ ಕಾಣುತ್ತವೆ. ನಿರೂಪಕರ ಸಾಲಿನಲ್ಲಿ ಅಲ್ಲಲ್ಲಿ ಸಣ್ಣ ಚುಕ್ಕೆಗಳು, ಅತಿಥಿಯ ಸಾಲಿನಲ್ಲಿ ಉದ್ದದ ಪಟ್ಟೆಗಳು ಇದ್ದರೆ ಸರಿ. ಎರಡೂ ಸಾಲು ಚದುರಂಗದ ಮಣೆಯಂತೆ ಸಮನಾಗಿ ಕಂಡರೆ ಅದು ಪ್ರಶ್ನೋತ್ತರ. ನಿರೂಪಕರ ಪಟ್ಟೆಯೇ ಉದ್ದವಿದ್ದರೆ, ಎಲ್ಲಿ ಅಂಥ ಪಟ್ಟೆ ಬಂತು ಎಂದು ಅಲ್ಲಿ ಮಾತ್ರ ಕೇಳಿ ನೋಡಿ. ಹೆಚ್ಚಾಗಿ ಸಿಗುವುದು ಪೀಠಿಕೆ, ಇಲ್ಲವೇ ಅತಿಥಿಯ ಕಥೆಗೆ ಜೋಡಿಸಿದ ತನ್ನದೇ ಕಥೆ.

ಸರದಿ ತಪ್ಪಿದರೆ ಎಡಿಟಿಂಗಿನಲ್ಲಿ ಹಿಂದುಮುಂದು ಮಾಡಬಹುದಲ್ಲ ಎನ್ನುವವರಿದ್ದಾರೆ. ಒಂದು ಮಟ್ಟಿಗೆ ನಿಜ. ಲಾರಿಯ ಕಥೆಯ ಇಪ್ಪತ್ತು ಸೆಕೆಂಡನ್ನು ತೆಗೆದು ಕಂತಿನ ಮೊದಲಿಗೆ ಇಟ್ಟು ಕೇಳುಗರನ್ನು ಹಿಡಿಯುವುದು ಎಲ್ಲರೂ ಮಾಡುವ ಕೆಲಸ. ಆದರೆ ಮಾತಿನ ದೊಡ್ಡ ತುಂಡುಗಳನ್ನು ಜರುಗಿಸಿದಾಗ ದನಿಯೇ ಗುಟ್ಟು ಬಿಟ್ಟುಕೊಡುತ್ತದೆ. ನಲವತ್ತನೇ ನಿಮಿಷದ ಗಂಟಲಿಗೆ ಒಂದು ಸಲಿಗೆ, ಒಂದು ದಣಿವು ಇರುತ್ತದೆ, ಅದನ್ನು ಐದನೇ ನಿಮಿಷಕ್ಕೆ ಅಂಟಿಸಿದರೆ ಬೇರೆ ದಿನ ಮಾತಾಡಿದ ಹಾಗಿರುತ್ತದೆ. "ಆಗ್ಲೇ ಹೇಳಿದ ಆ ತಿರುವು" ಎಂಬಂಥ ಮಾತುಗಳು ನಡುವೆ ನಡುವೆ ಸಿಕ್ಕಿಕೊಂಡು ಕತ್ತರಿಗೆ ಅಡ್ಡ ಬರುತ್ತವೆ. ಕೊನೆಗೆ ಆ ಹತ್ತು ನಿಮಿಷದ ಪರಿಚಯವನ್ನು ಎಡಿಟರ್ ಪೂರ್ತಿ ಕತ್ತರಿಸಿ, ಎರಡು ವಾಕ್ಯದಲ್ಲಿ ನಿರೂಪಕರಿಂದಲೇ ಹೇಳಿಸಿ ಸೇರಿಸುತ್ತಾರೆ. ಊರು, ಹೆಸರು, ಸರ್ವೀಸಿನ ವರ್ಷ ಇವನ್ನು ಅತಿಥಿಯನ್ನು ಕೇಳುವ ಬದಲು ಮೊದಲೇ ಬರೆದುಕೊಂಡು, ರೆಕಾರ್ಡಿಂಗ್ ಮುಗಿದ ಮೇಲೆ ತಾವೇ ಓದಿ ಸೇರಿಸುವ ನಿರೂಪಕರಿಗೆ ಈ ಕೆಲಸ ಉಳಿಯುತ್ತದೆ. ಡ್ರೈವರಿಗೂ ಆ ಹತ್ತು ನಿಮಿಷ ಘಾಟಿಯ ಮೇಲೆ ಸಿಗುತ್ತದೆ.